ಸಬ್‌ಟೈಟಲ್: ಕನ್ನಡ ಸಂಭಾಷಣೆಯಿಂದ ಇಂಗ್ಲಿಷಿಗೆ

ಸಿನಿಮಾ, ಧಾರಾವಾಹಿ ಅಥವಾ ಸಾಕ್ಷ್ಯಚಿತ್ರದಲ್ಲಿ ಪಾತ್ರಗಳು ಆಡುವ ಕನ್ನಡ ಮಾತಿನ ಅರ್ಥವನ್ನು, ಆ ಮಾತು ಕೇಳಿಬರುವ ಹೊತ್ತಿಗೇ ಪರದೆಯ ಕೆಳಗೆ ಒಂದೆರಡು ಸಾಲು ಇಂಗ್ಲಿಷಿನಲ್ಲಿ ಮೂಡಿಸುವುದು ಇಂಗ್ಲಿಷ್ ಸಬ್‌ಟೈಟಲ್. ಅಡಿಬರಹ, ಉಪಶೀರ್ಷಿಕೆ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಪುಸ್ತಕದ ಅನುವಾದದಲ್ಲಿ ಮೂಲ ಮರೆಗೆ ಸರಿಯುತ್ತದೆ. ಸಬ್‌ಟೈಟಲ್‌ನಲ್ಲಿ ಮೂಲ ಮತ್ತು ಅನುವಾದ ಎರಡೂ ಒಟ್ಟಿಗೆ ಪ್ರೇಕ್ಷಕರ ಮುಂದಿರುತ್ತವೆ. ಪುಸ್ತಕದ ಓದುಗರು ಹಿಂದಿನ ಪುಟಕ್ಕೆ ತಿರುಗಬಹುದು, ಅಡಿಟಿಪ್ಪಣಿ ನೋಡಬಹುದು. ಥಿಯೇಟರಿನಲ್ಲಿ ಕೂತವರಿಗೆ ಆ ಅವಕಾಶವಿಲ್ಲ. ಮಾತು ಎಷ್ಟು ಹೊತ್ತು ಇರುತ್ತದೋ ಹೆಚ್ಚುಕಡಿಮೆ ಅಷ್ಟೇ ಹೊತ್ತು ಸಾಲೂ ಇರುತ್ತದೆ. ಆದ್ದರಿಂದ ಸಾಲಿನ ಉದ್ದ, ಓದಿನ ವೇಗ, ನುಡಿಗಟ್ಟು ಎಂಬ ಮೂರು ತೊಡಕುಗಳು ಕೆಲಸದಲ್ಲಿ ಒಂದೇ ಪ್ರಶ್ನೆಯಾಗಿ ಬರುತ್ತವೆ: ಈ ದೃಶ್ಯ ಅರ್ಥವಾಗಲು ಇಷ್ಟು ಕ್ಷಣದಲ್ಲಿ ಏನನ್ನು ಉಳಿಸಲೇಬೇಕು?

ಹಿನ್ನೆಲೆ

ಕನ್ನಡ ಚಿತ್ರಗಳು ಹೊರನಾಡಿನ ಚಿತ್ರೋತ್ಸವಗಳಿಗೆ ಹೋಗತೊಡಗಿದಾಗ ಇಂಗ್ಲಿಷ್ ಸಬ್‌ಟೈಟಲ್ ಅನಿವಾರ್ಯವಾಯಿತು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’, 1977ರಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಬಂದವು. ಇವೆರಡೂ ಯು.ಆರ್. ಅನಂತಮೂರ್ತಿಯವರ ಕಥನಗಳನ್ನು ಆಧರಿಸಿದವು. ಅಗ್ರಹಾರದ ಆಚಾರ, ಮಡಿ, ಶ್ರಾದ್ಧದ ಮಾತುಗಳು ಎರಡರಲ್ಲೂ ತುಂಬಿವೆ. 1980ರ ದಶಕದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರಗಳನ್ನು ಇಂಗ್ಲಿಷ್ ಸಾಲುಗಳೊಂದಿಗೆ ಪ್ರಸಾರ ಮಾಡಿತು. ಕನ್ನಡೇತರರು ಮನೆಯಲ್ಲೇ ಕೂತು ಕನ್ನಡ ಸಿನಿಮಾ ನೋಡಲು ಇದು ದಾರಿಯಾಯಿತು.

ಆ ಕಾಲದಲ್ಲಿ ಅಕ್ಷರಗಳನ್ನು ಚಿತ್ರದ ಪ್ರಿಂಟಿನ ಮೇಲೆಯೇ ಅಚ್ಚೊತ್ತಬೇಕಿತ್ತು, ಒಮ್ಮೆ ಮೂಡಿದ ತಪ್ಪನ್ನು ತಿದ್ದುವುದು ದುಬಾರಿಯ ಕೆಲಸ. ಈಗ ಸಬ್‌ಟೈಟಲ್ ಬಹುಮಟ್ಟಿಗೆ ಒಂದು ಪ್ರತ್ಯೇಕ ಪಠ್ಯ ಕಡತ. ಪ್ರತಿ ಸಾಲಿಗೂ ಒಂದು ಕ್ರಮಸಂಖ್ಯೆ, ಶುರುವಾಗುವ ಮತ್ತು ಮುಗಿಯುವ ಸಮಯ, ಅದರ ಕೆಳಗೆ ಪಠ್ಯ ಇರುತ್ತವೆ. ತಿದ್ದುವುದು ಸುಲಭವಾಗಿದೆ, ಆದರೆ ಓದುವ ಕಣ್ಣಿಗೆ ಬೇಕಾದ ಸಮಯ ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ ಇದೆ.

ಸಾಲಿನ ಉದ್ದ ಮತ್ತು ಓದಿನ ವೇಗ

ಸಬ್‌ಟೈಟಲ್ ಎರಡು ಸಾಲು ಮೀರಬಾರದು ಎಂಬುದು ಬಹುತೇಕ ಎಲ್ಲೆಡೆ ಒಪ್ಪಿದ ಪದ್ಧತಿ. ಇಂದು ಹೆಚ್ಚು ಬಳಕೆಯಲ್ಲಿರುವ ಅಳತೆಗಳಲ್ಲಿ ಒಂದು ನೆಟ್‌ಫ್ಲಿಕ್ಸ್ ಸಂಸ್ಥೆಯ ಇಂಗ್ಲಿಷ್ ಮಾರ್ಗಸೂಚಿ. ಅದರ ಪ್ರಕಾರ ಒಂದು ಸಾಲಿಗೆ ಹೆಚ್ಚೆಂದರೆ 42 ಅಕ್ಷರ. ನಡುವಿನ ಖಾಲಿ ಜಾಗ, ವಿರಾಮಚಿಹ್ನೆಗಳೂ ಲೆಕ್ಕಕ್ಕೆ ಸೇರುತ್ತವೆ. ವಯಸ್ಕರ ಕಾರ್ಯಕ್ರಮಗಳಿಗೆ ಓದಿನ ವೇಗ ಸೆಕೆಂಡಿಗೆ 20 ಅಕ್ಷರ, ಮಕ್ಕಳ ಕಾರ್ಯಕ್ರಮಗಳಿಗೆ 17. ಸಾಲು ಪರದೆಯ ಮೇಲೆ ಸೆಕೆಂಡಿನ ಆರರಲ್ಲಿ ಐದು ಭಾಗಕ್ಕಿಂತ ಕಡಿಮೆ ಇರುವಂತಿಲ್ಲ, 7 ಸೆಕೆಂಡಿಗಿಂತ ಹೆಚ್ಚೂ ಇರುವಂತಿಲ್ಲ. ಎರಡು ಸಾಲುಗಳೂ ಪೂರ್ತಿ ತುಂಬಿದರೆ 84 ಅಕ್ಷರವಾಗುತ್ತದೆ. ಅದನ್ನು ಓದಲು ಕನಿಷ್ಠ 4.2 ಸೆಕೆಂಡು ಬೇಕು. ಹಳೆಯ ಪದ್ಧತಿ ಇನ್ನೂ ಉದಾರವಾಗಿತ್ತು: ತುಂಬಿದ ಎರಡು ಸಾಲಿಗೆ 6 ಸೆಕೆಂಡು ಕೊಡಬೇಕು ಎಂಬ ನಿಯಮ ಟೆಲಿವಿಷನ್ ಕಾಲದಲ್ಲಿ ಪ್ರಚಲಿತವಾಗಿತ್ತು.

ಈ ಲೆಕ್ಕ ಕನ್ನಡಕ್ಕೆ ಬಿಗಿಯಾಗುವುದಕ್ಕೆ ಕಾರಣ ಕನ್ನಡ ಕ್ರಿಯಾಪದದ ಕಟ್ಟು. ‘ಬಂದಿದ್ನಂತೆ’ ಎಂಬ ಒಂದೇ ಪದದಲ್ಲಿ ಯಾರು ಬಂದದ್ದು, ಯಾವ ಕಾಲದಲ್ಲಿ, ಹೇಳುವವರು ತಾವೇ ಕಂಡದ್ದೋ ಬೇರೆಯವರಿಂದ ಕೇಳಿದ್ದೋ ಎಂಬುದೆಲ್ಲ ಇದೆ. ಆಡಲು ಬೇಕಾಗುವುದು ಸುಮಾರು 0.7 ಸೆಕೆಂಡು. ಇಂಗ್ಲಿಷಿನಲ್ಲಿ ಅದೇ ಅರ್ಥಕ್ಕೆ ನಾಲ್ಕು ಪದ, 19 ಅಕ್ಷರ ಬೇಕು:

```
1
00:08:20,000 --> 00:08:21,000
They say he'd come.
```

0.7 ಸೆಕೆಂಡಿನಲ್ಲಿ ಇದನ್ನು ತೋರಿಸಿದರೆ ವೇಗ ಸೆಕೆಂಡಿಗೆ 27 ಅಕ್ಷರವಾಗಿ ಮಿತಿ ಮೀರುತ್ತದೆ. ಮಾತಿನ ನಂತರ ಮೌನವಿದ್ದರೆ ಸಾಲನ್ನು ಇನ್ನೂ 0.3 ಸೆಕೆಂಡು ನಿಲ್ಲಿಸಿ ವೇಗವನ್ನು 19ಕ್ಕೆ ಇಳಿಸಬಹುದು. ಮೇಲಿನ ಸಾಲಿನಲ್ಲಿ ಮಾಡಿರುವುದು ಅದನ್ನೇ. ಮೌನವಿಲ್ಲದೆ ಮುಂದಿನ ಪಾತ್ರ ತಕ್ಷಣ ಮಾತಿಗಿಳಿದರೆ ಏನನ್ನಾದರೂ ಬಿಡಲೇಬೇಕು. ಆಗ ಸಾಮಾನ್ಯವಾಗಿ ಮೊದಲು ಹೋಗುವುದು ‘ಅಂತೆ’. ಆದರೆ ಕಥೆಯೇ ಗಾಳಿಸುದ್ದಿಯ ಮೇಲೆ ನಿಂತಿದ್ದರೆ ಅದನ್ನು ಬಿಡುವಂತಿಲ್ಲ. ಹಾಗಾಗಿ ಅನುವಾದಕರು ಕೆಲಸಕ್ಕೆ ಕೂರುವ ಮೊದಲು ಚಿತ್ರವನ್ನು ಕೊನೆಯವರೆಗೆ ನೋಡಿರಬೇಕು. ಯಾವ ಪ್ರತ್ಯಯದ ಮೇಲೆ ಕಥೆ ನಿಂತಿದೆ ಎಂಬುದು ಮೊದಲ ದೃಶ್ಯದಲ್ಲಿ ತಿಳಿಯುವುದಿಲ್ಲ.

ಒಂದು ಮಾತಿನ ಅನುವಾದ, ಹಂತ ಹಂತವಾಗಿ

ಉದಾಹರಣೆಗೆ ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳಬಹುದು. ಮಗ ಹೊಲ ಮಾರಲು ಹೊರಟಿದ್ದಾನೆ. ತಾಯಿ ಹೇಳುತ್ತಾಳೆ: “ನಿಮ್ಮಪ್ಪ ಹೊಟ್ಟೆಬಟ್ಟೆ ಕಟ್ಟಿ ಉಳಿಸ್ಕೊಂಡ ಹೊಲ ಕಣೋ ಇದು. ಅದಕ್ಕೇ ಎಳ್ಳುನೀರು ಬಿಡ್ತೀಯಾ?” ಮೊದಲ ವಾಕ್ಯಕ್ಕೆ 2.5 ಸೆಕೆಂಡು, ಎರಡನೆಯದಕ್ಕೆ 2 ಸೆಕೆಂಡು ಇದೆ ಎಂದಿಟ್ಟುಕೊಳ್ಳೋಣ.

ಮೊದಲ ಹಂತ ಸಮಯ ಗುರುತು ಹಾಕುವುದು. ವೃತ್ತಿಯಲ್ಲಿ ಇದಕ್ಕೆ ಸ್ಪಾಟಿಂಗ್ ಎನ್ನುತ್ತಾರೆ. ಮಾತು ಶುರುವಾಗುವ ಫ್ರೇಮಿನಲ್ಲಿ ಸಾಲು ಬರಬೇಕು. ಒಂದರ ಹಿಂದೆ ಒಂದು ಬರುವ ಸಾಲುಗಳ ನಡುವೆ ಕನಿಷ್ಠ ಎರಡು ಫ್ರೇಮಿನ ಬಿಡುವು ಬೇಕು. ಸೆಕೆಂಡಿಗೆ 24 ಫ್ರೇಮಿನ ಚಿತ್ರದಲ್ಲಿ ಅದು ಸುಮಾರು 83 ಮಿಲಿಸೆಕೆಂಡು. ಈ ಬಿಡುವಿಲ್ಲದಿದ್ದರೆ ಸಾಲು ಬದಲಾದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ.

ಎರಡನೆಯ ಹಂತದಲ್ಲಿ ಪದಶಃ ಅನುವಾದವನ್ನು ಒಮ್ಮೆ ಬರೆದು ಅಳೆಯುತ್ತಾರೆ:

```
Your father tied up his stomach and clothes
to save this field.

And you are offering sesame and water to it!
```

ಮೊದಲ ವಾಕ್ಯ 62 ಅಕ್ಷರ, ವೇಗ ಸೆಕೆಂಡಿಗೆ ಸುಮಾರು 25. ಎರಡನೆಯದು 44 ಅಕ್ಷರ, ವೇಗ 22. ಎರಡೂ ವಾಕ್ಯಗಳ ಮೊದಲ ಸಾಲುಗಳು 42ರ ಗೆರೆಯನ್ನೂ ದಾಟಿವೆ. ಅಳತೆಗಿಂತ ಹೆಚ್ಚಿನ ದೋಷ ಅರ್ಥದಲ್ಲಿದೆ. ಹೊಟ್ಟೆಯನ್ನೂ ಬಟ್ಟೆಯನ್ನೂ ಕಟ್ಟಿದನೆಂದರೆ ಇಂಗ್ಲಿಷ್ ಓದುಗರಿಗೆ ಏನೂ ಹೊಳೆಯುವುದಿಲ್ಲ, ಎಳ್ಳುನೀರು ಯಾವುದೋ ಪಾನೀಯದಂತೆ ಕಾಣುತ್ತದೆ.

ಮೂರನೆಯ ಹಂತದಲ್ಲಿ ಆ ಮಾತು ದೃಶ್ಯದಲ್ಲಿ ಮಾಡುವ ಕೆಲಸವನ್ನು ಹುಡುಕುತ್ತಾರೆ. ಮೊದಲ ವಾಕ್ಯ ತಂದೆಯ ತ್ಯಾಗವನ್ನು ಮುಂದಿಡುತ್ತದೆ. ಎರಡನೆಯದು ಮಗನ ಮೇಲೆ ಆಪಾದನೆ ಹೊರಿಸುತ್ತದೆ. ಜೊತೆಗೆ ಸತ್ತವರಿಗೆ ತರ್ಪಣ ಬಿಡುವ ಕ್ರಿಯೆಯಿಂದ ಬಂದ ಸಾವಿನ ನೆರಳೂ ಅದರಲ್ಲಿದೆ. ಈ ನೆರಳನ್ನು ಉಳಿಸುವ ಇಂಗ್ಲಿಷ್ ಮಾತು ಸಿಕ್ಕರೆ ಎಳ್ಳನ್ನೂ ನೀರನ್ನೂ ಬಿಡಬಹುದು:

```
2
00:12:04,000 --> 00:12:06,500
Your father starved to keep this land.

3
00:12:06,583 --> 00:12:08,583
And you'd give it up for dead?
```

ಈಗ ಮೊದಲ ಸಾಲು 38 ಅಕ್ಷರ, ವೇಗ 15. ಎರಡನೆಯದು 30 ಅಕ್ಷರ, ವೇಗವೂ 15. ಬಟ್ಟೆ ಹೋಯಿತು, ‘ಕಣೋ’ ಹೋಯಿತು. ಆದರೆ ಹಸಿವು, ನೆಲ, ಸಾವು, ಕೊನೆಯ ಪ್ರಶ್ನೆಯ ಇರಿತ ಉಳಿದವು. ಮಿತಿ 20 ಇರುವಾಗ 15ಕ್ಕೆ ನಿಲ್ಲಿಸಿದ್ದಕ್ಕೂ ಕಾರಣವಿದೆ: ಈ ದೃಶ್ಯದಲ್ಲಿ ಪ್ರೇಕ್ಷಕರು ತಾಯಿಯ ಮುಖವನ್ನೂ ನೋಡಬೇಕು. ಮಿತಿಯ ಅಂಚಿನಲ್ಲೇ ಓಡುವ ಸಾಲು ಓದಿ ಮುಗಿಯುತ್ತದೆ, ಆದರೆ ಕಣ್ಣನ್ನು ಮೇಲೆತ್ತಲು ಬಿಡುವುದಿಲ್ಲ.

ವಾಕ್ಯದ ಕೊನೆಯಲ್ಲಿ ಬರುವ ಸುದ್ದಿ

ಕನ್ನಡ ವಾಕ್ಯದಲ್ಲಿ ಮುಖ್ಯ ಸಂಗತಿ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಕುತೂಹಲದ ದೃಶ್ಯಗಳಲ್ಲಿ ಸಂಭಾಷಣೆ ಬರೆಯುವವರು ಇದನ್ನು ಬೇಕೆಂದೇ ಬಳಸುತ್ತಾರೆ. “ನಿನ್ನ ತಮ್ಮನ್ನ ಕೊಂದೋನು... ನಾನೇ” ಎಂಬ ಮಾತನ್ನು ಸಹಜ ಇಂಗ್ಲಿಷಿಗೆ ತಂದರೆ ಕೊಂದವನು ಮೊದಲೇ ಬಂದುಬಿಡುತ್ತಾನೆ. ನಟ ನಿಟ್ಟುಸಿರು ಬಿಡುತ್ತಿರುವಾಗಲೇ ಪ್ರೇಕ್ಷಕರಿಗೆ ಗುಟ್ಟು ತಿಳಿದಿರುತ್ತದೆ. ಇದಕ್ಕೆ ಪರಿಹಾರ, ಸಾಲನ್ನು ಎರಡು ಸಬ್‌ಟೈಟಲ್‌ಗಳಾಗಿ ಒಡೆದು ನಟನ ಮೌನವನ್ನು ಹಾಗೆಯೇ ಉಳಿಸುವುದು:

```
4
00:31:10,000 --> 00:31:12,250
The man who killed your brother...

5
00:31:13,500 --> 00:31:14,500
...was me.
```

ಅರ್ಧಕ್ಕೆ ನಿಂತ ಮಾತು ಇನ್ನೂ ಕಷ್ಟ. “ಅವತ್ತು ರಾತ್ರಿ ನಾನು ಅಂಗಡಿ ಬಾಗಿಲು” ಎನ್ನುವಷ್ಟರಲ್ಲಿ ಯಾರೋ ಅಡ್ಡ ಬಂದರೆ, ಬಾಗಿಲು ತೆರೆದನೋ ಮುಚ್ಚಿದನೋ ಕನ್ನಡದಲ್ಲಿ ತಿಳಿಯುವುದಿಲ್ಲ. ಇಂಗ್ಲಿಷಿನ ಸಹಜ ಕ್ರಮದಲ್ಲಿ ಬಾಗಿಲಿಗಿಂತ ಮೊದಲು ಕ್ರಿಯಾಪದ ಬರಬೇಕು, ಬಂದರೆ ಗುಟ್ಟು ಬಯಲಾಗುತ್ತದೆ. ಇಂಥಲ್ಲಿ ರಾತ್ರಿಯನ್ನೂ ಬಾಗಿಲನ್ನೂ ಮುಂದಕ್ಕೆ ತಂದು, ‘ನಾನು’ ಎಂಬಲ್ಲಿ ವಾಕ್ಯವನ್ನು ಕತ್ತರಿಸುತ್ತಾರೆ. ವ್ಯಾಕರಣ ಸ್ವಲ್ಪ ತಡವರಿಸಿದರೂ ಪಾತ್ರವೂ ತಡವರಿಸುತ್ತಿರುವುದರಿಂದ ಅದು ಹೊಂದುತ್ತದೆ.

ನುಡಿಗಟ್ಟುಗಳ ಬಗೆಗಳು

ಪದಶಃ ಅನುವಾದಕ್ಕೆ ಒಗ್ಗದ ನುಡಿಗಟ್ಟುಗಳೆಲ್ಲ ಒಂದೇ ಬಗೆಯವಲ್ಲ. ಅರ್ಥವಾಗದೆ ನಿಲ್ಲುವವು ಮೊದಲ ಬಗೆ. ‘ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ’, ‘ನಾಮ ಹಾಕಿದ’ ಇಂಥವು. ಪದಶಃ ತಂದರೆ ಓದುಗರು ಗೊಂದಲಕ್ಕೆ ಬೀಳುತ್ತಾರೆ, ಆದ್ದರಿಂದ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಕ್ಷಮಿಸಿ, ಮೋಸ ಮಾಡಿದ ಎಂಬ ನೇರ ಅರ್ಥಕ್ಕೆ ಇಳಿಸಿದರೆ ಸಾಕು.

ತಪ್ಪು ಅರ್ಥ ಕೊಟ್ಟು ದಾಟಿಹೋಗುವವು ಎರಡನೆಯ ಬಗೆ, ಹೆಚ್ಚು ಅಪಾಯ ಇವುಗಳಿಂದಲೇ. ‘ಅವನು ನಂಗೆ ಕೈ ಕೊಟ್ಟ’ ಎಂದರೆ ನಂಬಿಸಿ ಬಿಟ್ಟುಹೋದ ಎಂದು. ಪದಶಃ ಇಂಗ್ಲಿಷಿಗೆ ಇಟ್ಟರೆ ‘ಗೇವ್ ಮಿ ಎ ಹ್ಯಾಂಡ್’ ಆಗುತ್ತದೆ. ಆ ಮಾತಿಗೆ ಇಂಗ್ಲಿಷಿನಲ್ಲಿ ಸಹಾಯ ಮಾಡಿದ ಎಂದರ್ಥ. ಸಾಲು ಚೊಕ್ಕಟವಾಗಿ ಓದಿಸಿಕೊಳ್ಳುತ್ತದೆ, ಉದ್ದ ಸರಿಯಿದೆ, ವೇಗ ಸರಿಯಿದೆ, ಅರ್ಥ ಮಾತ್ರ ತಿರುಗುಮುರುಗು. ಇದನ್ನು ಯಾವ ಲೆಕ್ಕವೂ ಹಿಡಿಯಲಾರದು. ಮುಂದಿನ ದೃಶ್ಯದಲ್ಲಿ ಆ ಪಾತ್ರ ಯಾಕೆ ಸಿಟ್ಟಾಗಿದೆ ಎಂದು ಪ್ರೇಕ್ಷಕರು ಕೇಳಿದಾಗಷ್ಟೇ ಗೊತ್ತಾಗುತ್ತದೆ.

ಮೂರನೆಯ ಬಗೆ, ದಿನಬಳಕೆಯ ಉಪಚಾರದ ಮಾತು. ‘ಊಟ ಆಯ್ತಾ?’ ಎಂಬುದು ಬಹಳ ಸಲ ಕುಶಲ ವಿಚಾರಿಸುವ ಮಾತು ಮಾತ್ರ. ಎದುರಿನವರು ‘ಹೂಂ’ ಎಂದು ಮುಂದೆ ಹೋದರೆ ಸರಳ ನಮಸ್ಕಾರದ ಮಾತು ಸಾಕು. ‘ಇಲ್ಲ, ಬೆಳಗ್ಗೆಯಿಂದ ಏನೂ ತಿಂದಿಲ್ಲ’ ಎಂಬ ಉತ್ತರ ಬಂದರೆ ಊಟವನ್ನು ಉಳಿಸಲೇಬೇಕು. ‘ಹೋಗಿ ಬರ್ತೀನಿ’ ಎಂಬುದೂ ಹಾಗೆಯೇ. ಸಾಮಾನ್ಯ ದೃಶ್ಯದಲ್ಲಿ ಅದು ಬೀಳ್ಕೊಡುಗೆ. ಹೇಳಿ ಹೋದವನು ಹಿಂತಿರುಗದ ಕಥೆಯಲ್ಲಿ ‘ಬರ್ತೀನಿ’ ಎಂಬ ಭಾಗ ಇಂಗ್ಲಿಷಿನಲ್ಲೂ ಇರಬೇಕು, ಇಲ್ಲವಾದರೆ ಆ ಮಾತನ್ನು ನೆನೆದು ಅಳುವ ಹೆಂಡತಿಯ ದೃಶ್ಯಕ್ಕೆ ಬುಡವೇ ಇರುವುದಿಲ್ಲ.

ಚಿತ್ರದೊಳಗಿನ ವಸ್ತುವಿಗೆ ಅಂಟಿಕೊಂಡವು ನಾಲ್ಕನೆಯ ಬಗೆ. ‘ಕೈಗೆ ಬಳೆ ತೊಟ್ಕೋ’ ಎಂಬ ಮೂದಲಿಕೆಯನ್ನು ಹೇಡಿ ಎಂಬ ಅರ್ಥಕ್ಕೆ ಇಳಿಸಬಹುದು. ಆದರೆ ಮಾತಾಡುವವಳು ತನ್ನ ಬಳೆಯನ್ನೇ ಕಳಚಿ ಎದುರಿಗೆ ಎಸೆದರೆ ಸಾಲಿನಲ್ಲೂ ಬಳೆ ಇರಲೇಬೇಕು. ಪರದೆಯ ಮೇಲೆ ಕಾಣುವ ವಸ್ತುವಿಗೂ ಕೆಳಗಿನ ಸಾಲಿಗೂ ಸಂಬಂಧ ತಪ್ಪಿದರೆ ಪ್ರೇಕ್ಷಕರು ಸಾಲನ್ನು ನಂಬುವುದಿಲ್ಲ.

ಬೈಗುಳಕ್ಕೂ ಇದೇ ನ್ಯಾಯ. ಮಂಡ್ಯದ ಕಡೆ ಗೆಳೆಯರು ಒಬ್ಬರನ್ನೊಬ್ಬರು ‘ಬಡ್ಡೀಮಗನೆ’ ಎನ್ನುವಾಗ ಅದರಲ್ಲಿ ಸಲುಗೆ ಇರುತ್ತದೆ, ಜಗಳದಲ್ಲಿ ಅದೇ ಮಾತು ಬೈಗುಳ. ರಾಮ್ ರೆಡ್ಡಿಯವರ ‘ತಿಥಿ’ ಪೂರ್ತಿ ಮಂಡ್ಯ ಸೀಮೆಯ ಹಳ್ಳಿಯ ಮಾತಿನಲ್ಲಿ, ವೃತ್ತಿನಟರಲ್ಲದ ಊರಿನವರಿಂದಲೇ ನಡೆದ ಚಿತ್ರ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿಗಳು ಬಂದಾಗ ನೋಡಿದವರಲ್ಲಿ ಹೆಚ್ಚಿನವರಿಗೆ ಕನ್ನಡ ಬಾರದು. ಹೆಸರನ್ನು ಹೊರನಾಡಿಗೂ ‘ತಿಥಿ’ ಎಂದೇ ಉಳಿಸಿಕೊಂಡರು; ಕಥೆ ಹನ್ನೊಂದನೆಯ ದಿನದ ಊಟದ ಕಡೆಗೇ ಸಾಗುವುದರಿಂದ ಪದದ ಅರ್ಥ ನೋಡುತ್ತಲೇ ತಿಳಿಯುತ್ತದೆ. ‘ಘಟಶ್ರಾದ್ಧ’ಕ್ಕೆ ಮಾತ್ರ ‘ದಿ ರಿಚುವಲ್’ ಎಂಬ ಇಂಗ್ಲಿಷ್ ಹೆಸರು ಚಾಲ್ತಿಗೆ ಬಂತು. ಬದುಕಿರುವವಳಿಗೇ ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕುವ ಕ್ರೌರ್ಯ ಆ ಹೆಸರಿನಲ್ಲಿ ಬರುವುದಿಲ್ಲ, ಅದನ್ನು ಚಿತ್ರದೊಳಗಿನ ಸಾಲುಗಳೇ ಹೊರಬೇಕು.

ಸಂಬೋಧನೆ ಮತ್ತು ಪ್ರಾದೇಶಿಕ ನುಡಿ

‘ನೀನು’ ಮತ್ತು ‘ನೀವು’ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ. ಜೀತದಾಳು ಒಡೆಯನಿಗೆ ಮೊದಲ ಸಲ ‘ನೀನು’ ಎಂದ ಕ್ಷಣವೇ ಕಥೆಯ ತಿರುವಾಗಿದ್ದರೆ, ಆ ತಿರುವಿಗೆ ಮೊದಲಿನಿಂದ ತಯಾರಿ ಬೇಕು. ಅಲ್ಲಿಯವರೆಗೆ ಅವನ ಸಾಲುಗಳಲ್ಲೆಲ್ಲ ಸರ್ ಅಥವಾ ಒಡೆಯ ಎಂಬರ್ಥದ ಪದ ಇಟ್ಟು, ಆ ಕ್ಷಣದಲ್ಲಿ ಬರಿಯ ಹೆಸರು ಹಿಡಿದು ಕರೆಸಬಹುದು. ಇದಕ್ಕೆ ಪ್ರತಿ ಸಾಲಿನಲ್ಲೂ ನಾಲ್ಕೈದು ಅಕ್ಷರ ಖರ್ಚಾಗುತ್ತದೆ, ಆ ಖರ್ಚನ್ನು ಮೊದಲೇ ಲೆಕ್ಕ ಹಾಕಿರಬೇಕು. ‘ಅಕ್ಕ’, ‘ಭಾವ’, ‘ಅತ್ತೆ’ ಇಂಥ ಸಂಬಂಧಪದಗಳನ್ನು ಹಾಗೆಯೇ ಉಳಿಸುವುದು ಇಂದಿನ ರೂಢಿ. ಅವು ಚಿಕ್ಕವು, ಕಿವಿಗೂ ಬೀಳುತ್ತವೆ.

ಪ್ರಾದೇಶಿಕ ನುಡಿಗೆ ಇಷ್ಟು ಒಳ್ಳೆಯ ಪರಿಹಾರವಿಲ್ಲ. ಕಲಬುರಗಿಯ ‘ಏನ್ ಮಾಡ್ಲಕತ್ತೀರಿ’ ಎಂಬುದೂ ಮೈಸೂರಿನ ‘ಏನ್ ಮಾಡ್ತಿದೀರಾ’ ಎಂಬುದೂ ಇಂಗ್ಲಿಷಿನಲ್ಲಿ ಒಂದೇ ಸಾಲು. ಹಳ್ಳಿಯ ಕನ್ನಡಕ್ಕೆ ಅಮೆರಿಕದ ಯಾವುದೋ ಸೀಮೆಯ ಹಳ್ಳಿ ಇಂಗ್ಲಿಷನ್ನು ತೊಡಿಸಿದರೆ ಪಾತ್ರ ಇದ್ದ ಊರನ್ನೂ ಕಳೆದುಕೊಳ್ಳುತ್ತದೆ. ಸರಳ ಪದ, ಗಿಡ್ಡ ವಾಕ್ಯ, ಪಾತ್ರಕ್ಕೊಂದು ಸ್ಥಿರವಾದ ಲಯ ಇಷ್ಟೇ ಕೈಯಲ್ಲಿರುವ ಸಾಧನ. 2022ರ ‘ಕಾಂತಾರ’ದಂತೆ ಕರಾವಳಿ ಕನ್ನಡದ ನಡುವೆ ತುಳುವೂ ಕೇಳಿಬರುವ ಚಿತ್ರದಲ್ಲಿ ಭಾಷೆ ಬದಲಾದದ್ದನ್ನು ಸೂಚಿಸಬೇಕೇ ಎಂಬ ಪ್ರಶ್ನೆಯೂ ಏಳುತ್ತದೆ. ದೈವದ ಮಾತು ಊರಿನವರ ಮಾತಿಗಿಂತ ಬೇರೆ ಎಂಬುದು ಕಥೆಗೆ ಮುಖ್ಯವಾದಾಗ ಓರೆ ಅಕ್ಷರ ಬಳಸುವುದು ಒಂದು ದಾರಿ.

ಅರ್ಧ ಕೇಳಿಸಿಕೊಳ್ಳುವ ಪ್ರೇಕ್ಷಕರು: ಲಿಂಗಂಪಲ್ಲಿಯ ನಿದರ್ಶನ

ಇಂಗ್ಲಿಷ್ ಸಬ್‌ಟೈಟಲ್ ಕನ್ನಡ ಏನೂ ತಿಳಿಯದವರಿಗೆ ಮಾತ್ರ ಎಂದು ಭಾವಿಸುವುದು ಸರಿಯಲ್ಲ. ಹೈದರಾಬಾದಿನ ಪಶ್ಚಿಮಕ್ಕಿರುವ ಲಿಂಗಂಪಲ್ಲಿಯಂಥ ಜಾಗದ ಪ್ರೇಕ್ಷಕರನ್ನು ನೋಡಿದರೆ ಇದು ತಿಳಿಯುತ್ತದೆ. ವಾಡಿಯಿಂದ ತಾಂಡೂರು, ವಿಕಾರಾಬಾದ್ ಮೂಲಕ ಸಿಕಂದರಾಬಾದಿಗೆ ಹೋಗುವ ರೈಲು ಮಾರ್ಗ ಇಲ್ಲಿ ಹಾಯುತ್ತದೆ, ಆದ್ದರಿಂದ ಕಲಬುರಗಿ, ಬೀದರಿನ ಕಡೆಯಿಂದ ಬರುವವರಿಗೆ ಇದು ನಗರದ ಹೊಸ್ತಿಲು. ಆ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಪಕ್ಕದಲ್ಲೇ ಗಚ್ಚಿಬೌಲಿಯ ಐಟಿ ಕಂಪನಿಗಳಿವೆ, ಅನುವಾದ ಅಧ್ಯಯನದ ಕೇಂದ್ರವೊಂದನ್ನು ಹೊಂದಿರುವ ಹೈದರಾಬಾದ್ ವಿಶ್ವವಿದ್ಯಾಲಯವಿದೆ. ಇಲ್ಲಿ ಒಂದು ಕನ್ನಡ ಸಿನಿಮಾವನ್ನು ಕನ್ನಡ ಮನೆಮಾತಿನ ಹಿರಿಯರು, ಕನ್ನಡ ತಿಳಿದರೂ ಓದಲಾರದ ಮಕ್ಕಳು, ತೆಲುಗಿನ ನೆರೆಹೊರೆಯವರು ಒಟ್ಟಿಗೆ ಕೂತು ನೋಡುವುದು ಸಹಜ.

ತೆಲುಗು ಬಲ್ಲವರ ಕಿವಿಗೆ ಊರು, ನೀರು, ಅಕ್ಕ ಎಂಬವು ತಮ್ಮದೇ ಪದಗಳು. ನುಡಿಗಟ್ಟುಗಳಲ್ಲೂ ಅನೇಕ ಸಾಮಾನ್ಯ. ತಲೆ ತಿನ್ನುವುದು ತೆಲುಗಿನಲ್ಲೂ ಇದೆ. ಎಳ್ಳುನೀರು ಬಿಡುವುದಕ್ಕೆ ಹತ್ತಿರವಾಗಿ, ಆಸೆ ಬಿಟ್ಟ ವಸ್ತುವಿಗೆ ನೀರು ಬಿಡುವ ಮಾತು ಅಲ್ಲೂ ಬಳಕೆಯಲ್ಲಿದೆ. ಆದ್ದರಿಂದ ಮೇಲಿನ ಉದಾಹರಣೆಯಲ್ಲಿ ನೀರನ್ನು ಬಿಟ್ಟ ಸಾಲು ನ್ಯೂಯಾರ್ಕಿನ ಪ್ರೇಕ್ಷಕರಿಗೆ ಪೂರ್ಣವಾಗಿ ಕಂಡರೂ, ಲಿಂಗಂಪಲ್ಲಿಯವರಿಗೆ ‘ನೀರು’ ಕೇಳಿಸಿದ ಮೇಲೂ ಸಾಲಿನಲ್ಲಿ ನೀರಿಲ್ಲದ್ದು ಕಾಣುತ್ತದೆ. ‘ಕೈ ಕೊಟ್ಟ’ ಎಂಬುದರ ಸಂಗತಿ ಇನ್ನೂ ಬೇರೆ: ಹೈದರಾಬಾದಿನ ಆಡುಮಾತಿನ ತೆಲುಗಿನಲ್ಲಿ ‘ಹ್ಯಾಂಡ್ ಇಚ್ಚಾಡು’ ಎಂದರೆ ಮೋಸ ಮಾಡಿದ ಎಂದೇ ಅರ್ಥ. ತಪ್ಪಾದ ಪದಶಃ ಅನುವಾದವನ್ನು ಇಲ್ಲಿಯವರು ಸರಿಯಾಗಿಯೇ ಅರ್ಥ ಮಾಡಿಕೊಂಡುಬಿಡಬಹುದು. ಹಾಗಾಗಿ ಅಂಥ ಸಾಲನ್ನು ಪರೀಕ್ಷಿಸಲು ಇಲ್ಲಿಯ ಪ್ರೇಕ್ಷಕರು ಸಾಲರು.

ಕೇಳಿದ್ದನ್ನು ಓದಿದ್ದರೊಡನೆ ಹೋಲಿಸಬಲ್ಲ ಪ್ರೇಕ್ಷಕರ ಮುಂದೆ ನಿಲ್ಲಬೇಕಾದ್ದರಿಂದ ವಿದ್ವಾಂಸ ಹೋರ್ಹೆ ಡಿಯಾಸ್ ಸಿಂತಾಸ್ ಸಬ್‌ಟೈಟಲನ್ನು ಸುಲಭವಾಗಿ ಆಕ್ಷೇಪಕ್ಕೆ ಗುರಿಯಾಗುವ ಅನುವಾದವೆಂದು ಗುರುತಿಸಿದ್ದಾರೆ. ಕನ್ನಡಕ್ಕೆ ಇದರಿಂದ ಸಿಗುವ ಪಾಠ ಎರಡು. ಹೆಸರು, ಊರು, ಸಂಖ್ಯೆ, ಸಂಬಂಧಪದಗಳು ಕೇಳಿದ ಕ್ರಮಕ್ಕೆ ಆದಷ್ಟು ಹತ್ತಿರದಲ್ಲಿ ಸಾಲಿನಲ್ಲೂ ಬರಬೇಕು. ಕೇಳಿಸಿದಂತೆ ಕಂಡರೂ ಅರ್ಥ ಬೇರೆಯಾದ ಪದಗಳಲ್ಲಿ ಸಾಲು ಸ್ಪಷ್ಟವಾಗಿರಬೇಕು: ಕನ್ನಡದ ‘ತಲುಪು’ ತೆಲುಗಿನಲ್ಲಿ ಬಾಗಿಲು, ಕನ್ನಡದ ‘ಎದ್ದು’ ತೆಲುಗಿನಲ್ಲಿ ಎತ್ತು.

ಪರೀಕ್ಷೆ ಮತ್ತು ಮಿತಿ

ಸಬ್‌ಟೈಟಲ್ ತಂತ್ರಾಂಶಗಳು ಉದ್ದವನ್ನೂ ವೇಗವನ್ನೂ ತಾವೇ ಎಣಿಸಿ, ಮಿತಿ ಮೀರಿದ ಸಾಲನ್ನು ಬಣ್ಣದಿಂದ ತೋರಿಸುತ್ತವೆ. ಅರ್ಥದ ಪರೀಕ್ಷೆಗೆ ಮನುಷ್ಯರೇ ಬೇಕು, ಅದೂ ಇಬ್ಬರು. ಕನ್ನಡ ಬಾರದವರೊಬ್ಬರು ಚಿತ್ರವನ್ನು ನಿಲ್ಲಿಸದೆ ನೋಡಿ ಕಥೆಯನ್ನು ಹೇಳಬೇಕು. ಎಲ್ಲಿ ಕಥೆ ತಪ್ಪುತ್ತದೋ ಅಲ್ಲಿ ‘ಕೈ ಕೊಟ್ಟ’ ಬಗೆಯ ದೋಷವಿದೆ. ಕನ್ನಡ ಬಲ್ಲವರೊಬ್ಬರು ಪ್ರೇಕ್ಷಕರ ಮುಖ ನೋಡುತ್ತಾ ಕೂರಬೇಕು. ನಟ ಮಾತು ಮುಗಿಸುವ ಮೊದಲೇ ನಗು ಬಂದರೆ ಸಾಲು ಬೇಗ ಬಂದಿದೆ ಅಥವಾ ಒಡೆಯಬೇಕಾದಲ್ಲಿ ಒಡೆದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಉಳಿಯುವುದಿಲ್ಲ. ಸೀಮೆಯ ನುಡಿ, ಪ್ರತಿ ಮಾತಿನ ಕೊನೆಯ ‘ರೀ’, ‘ಕಣೇ’, ‘ಲೋ’ಗಳಲ್ಲಿರುವ ಸಲುಗೆ, ಗಾದೆಯ ಪ್ರಾಸ ಇವಕ್ಕೆ ಸೆಕೆಂಡಿಗೆ 20 ಅಕ್ಷರದಲ್ಲಿ ಜಾಗವಿಲ್ಲ. ಅವುಗಳಲ್ಲಿ ಹೆಚ್ಚಿನವು ನಟರ ದನಿಯಲ್ಲಿ, ಮುಖದಲ್ಲಿ ಇದ್ದೇ ಇರುತ್ತವೆ. ಸಾಲು ಚಿಕ್ಕದಾಗಿ, ಬೇಗ ಓದಿಸಿಕೊಂಡು ಕಣ್ಣನ್ನು ಮೇಲಕ್ಕೆ ಬಿಟ್ಟರೆ ಪ್ರೇಕ್ಷಕರಿಗೆ ಅವು ಅಲ್ಲಿ ಸಿಗುತ್ತವೆ. ಎಲ್ಲವನ್ನೂ ಹೇಳಲು ಹೋಗಿ ಉದ್ದವಾದ ಸಾಲು ಇದನ್ನೇ ತಡೆಯುತ್ತದೆ.